ಪ್ರಬಂಧಕ್ಕೆ ಎಐ ಗುರುತು ಬಿದ್ದಾಗ ನಾನು ಕೇಳಿದ ಪ್ರಶ್ನೆಗಳು

ಧಾರವಾಡದ ನಮ್ಮ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಎಂ.ಎ. ವಿದ್ಯಾರ್ಥಿಗಳ ಪ್ರಬಂಧಗಳನ್ನು ತಂತ್ರಾಂಶದಲ್ಲಿ ಪರಿಶೀಲಿಸಿದ ಮೇಲೆಯೇ ಮೌಲ್ಯಮಾಪನಕ್ಕೆ ಕಳುಹಿಸುತ್ತೇವೆ. ಪರಿಶೀಲನಾ ವರದಿಯಲ್ಲಿ ಎರಡು ಅಂಕಿಗಳಿರುತ್ತವೆ. ಒಂದು ಬೇರೆ ಬರಹಗಳೊಂದಿಗಿನ ಸಾಮ್ಯದ ಪ್ರಮಾಣ. ಇದನ್ನು ಮೂಲ ಪುಟದ ಪಕ್ಕದಲ್ಲಿಟ್ಟು ತಾಳೆ ನೋಡಬಹುದು. ಶೇ 10ರವರೆಗಿನ ಸಾಮ್ಯಕ್ಕೆ ದಂಡನೆಯಿಲ್ಲ ಎನ್ನುವ ಯುಜಿಸಿಯ 2018ರ ನಿಯಮ ಈ ಅಂಕಿಗೆ ಮಾತ್ರ ಸಂಬಂಧಿಸಿದ್ದು. ಇನ್ನೊಂದು ಎಐ ಅಂಕಿ. ಇದಕ್ಕೆ ತಾಳೆ ನೋಡಲು ಮೂಲವೇ ಇಲ್ಲ. ಬರಹದಲ್ಲಿ ಎಷ್ಟು ಭಾಗ ಎಐ ಬರೆದದ್ದಿರಬಹುದು ಎಂದು ವಾಕ್ಯಗಳ ನಡೆಯನ್ನು ನೋಡಿ ತಂತ್ರಾಂಶ ಮಾಡಿದ ಅಂದಾಜು ಅದು. ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಗೆ ಬರೆದ ಪ್ರಬಂಧಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಇಂತಹ ಪತ್ತೆ ಸಾಧನಗಳು ತಪ್ಪಾಗಿ ಎಐ ಬರಹವೆಂದು ಗುರುತಿಸಿದ್ದನ್ನು 2023ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ತೋರಿಸಿದ್ದಾರೆ. ನಮ್ಮ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದಿಂದ ಬಂದವರಾದ್ದರಿಂದ, ಈ ಅಂಕಿಯನ್ನು ನಾನು ಮಾತುಕತೆಗೆ ಕಾರಣವೆಂದು ಮಾತ್ರ ಪರಿಗಣಿಸುತ್ತೇನೆ, ಸಾಕ್ಷ್ಯವೆಂದಲ್ಲ.

ಹಾವೇರಿ ಕಡೆಯ ವಿದ್ಯಾರ್ಥಿನಿಯೊಬ್ಬಳು ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಕುರಿತು ಇಂಗ್ಲಿಷಿನಲ್ಲಿ ಸಲ್ಲಿಸಿದ ಪ್ರಬಂಧದಲ್ಲಿ, ದಾಸ್ತಾನಿನ ಅಧ್ಯಾಯ ಮತ್ತು ಕೊನೆಯ ಸಲಹೆಗಳ ಭಾಗಕ್ಕೆ ಇಂತಹ ಗುರುತು ಬಿದ್ದಿತ್ತು. ಅವಳನ್ನು ಕರೆಯುವ ಮೊದಲು ಆ ಭಾಗಗಳ ಜೊತೆಗೆ ಗುರುತು ಬೀಳದ ಒಂದು ಭಾಗವನ್ನೂ ಓದಿ ಪ್ರಶ್ನೆಗಳನ್ನು ಬರೆದಿಟ್ಟುಕೊಂಡೆ. ಮೂರಕ್ಕೂ ಒಂದೇ ಬಗೆಯ ಪ್ರಶ್ನೆ ಕೇಳಿದರೆ, ಅವಳು ತಡವರಿಸುವುದು ಸಂಕೋಚದಿಂದಲೋ ವಿಷಯ ಗೊತ್ತಿಲ್ಲದ್ದರಿಂದಲೋ ಎನ್ನುವುದು ಹೋಲಿಕೆಯಿಂದ ತಿಳಿಯುತ್ತದೆ.

ಗುರುತಿನ ಸಂಗತಿಯನ್ನು ಬಚ್ಚಿಟ್ಟು ಸಹಜವೆಂಬಂತೆ ಪ್ರಶ್ನೆ ಕೇಳುವುದು ಬಲೆ ಹಾಕಿದಂತಾಗುತ್ತದೆ. ಆದ್ದರಿಂದ ಮೊದಲೇ ಹೇಳಿದೆ: "ಈ ಎರಡು ಭಾಗ ಯಂತ್ರ ಬರದದ್ದು ಇರಬಹುದು ಅಂತ ತಂತ್ರಾಂಶ ಗುರುತು ಮಾಡೇತಿ. ಅದು ತಪ್ಪೂ ಇರತೈತಿ. ನೀ ಇವನ್ನ ಹೆಂಗ ಬರದಿ, ಮೊದಲಿಂದ ಹೇಳವಾ. ಕನ್ನಡದಾಗ ಹೇಳು." ಎಐ ಬಳಸಿದ್ದೀಯಾ ಎಂದು ಕೇಳಿದ್ದರೆ ಹೆದರಿಕೆಯಲ್ಲಿ ‘ಇಲ್ಲ’ ಎಂಬ ಉತ್ತರ ಬರುತ್ತಿತ್ತು, ಮತ್ತು ಅಲ್ಲಿಂದ ಮುಂದೆ ಆ ಒಂದು ಮಾತನ್ನು ಉಳಿಸಿಕೊಳ್ಳುವುದೇ ಅವಳ ಕೆಲಸವಾಗುತ್ತಿತ್ತು.

ಪ್ರಶ್ನೆ ಕೇಳಿದ ಮೇಲೆ ಸುಮ್ಮನೆ ಕಾಯಬೇಕು. ಇದು ಶಿಕ್ಷಕರಿಗೆ ಕಷ್ಟದ ಕೆಲಸ. ಸ್ವಲ್ಪ ಹೊತ್ತಿನ ನಂತರ ಅವಳು ಹೇಳಿದಳು: "ಮೊದಲ ಕನ್ನಡದಾಗ ಬರದಿದ್ನಿರಿ ಸರ್. ಆಮ್ಯಾಲೆ ಫೋನಿನ್ಯಾಗ ಹಾಕಿ ಇಂಗ್ಲಿಷ್ ಮಾಡಿ, ಭಾಷಾ ಚಂದ ಮಾಡು ಅಂತ ಎಐಗೆ ಕೊಟ್ನಿ." ಯಾಕೆ ಹಾಗೆ ಮಾಡಿದೆ ಎಂದು ಕೇಳಲಿಲ್ಲ, ಏಕೆಂದರೆ ಅಂತಹ ‘ಯಾಕೆ’ಯಲ್ಲಿ ಆರೋಪದ ದನಿ ಬಂದೇ ಬರುತ್ತದೆ. "ಹಂಗ ಮಾಡಿದ ಮ್ಯಾಲೆ ನೀ ಬರದದ್ದರಾಗ ಏನೇನು ಬದಲಾತು?" ಎಂದು ಕೇಳಿದೆ. ಅವಳು ತನ್ನ ನೋಟ್‌ಬುಕ್ ತೆಗೆದಳು. ಡಬ್ಬಿ ತಳಿಯ ಕಾಯಿಯನ್ನು ಕೆಲವರು ಒಳ್ಳೆಯ ದರ ಬರುವವರೆಗೆ ಶೀತಲ ಗೃಹದಲ್ಲಿ ಇಡುತ್ತಾರೆ. ಸಾಲವಿದ್ದವರು ಕಾಯಲಾಗದೆ ಬಂದ ದಿನವೇ ಟೆಂಡರಿಗೆ ಹಾಕುತ್ತಾರೆ ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಇಂಗ್ಲಿಷ್ ಪ್ರತಿಯಲ್ಲಿ ಅದರ ಜಾಗದಲ್ಲಿ, ರೈತರು ಸೂಕ್ತ ಸಂಗ್ರಹಣಾ ಕ್ರಮಗಳನ್ನು ಅನುಸರಿಸುತ್ತಾರೆ ಎಂಬರ್ಥದ ಒಂದೇ ವಾಕ್ಯ ಉಳಿದಿತ್ತು. ಸಾಲದ ಮಾತು ಇಡಿಯಾಗಿ ಬಿಟ್ಟುಹೋಗಿತ್ತು, ಪ್ರಬಂಧದ ನಿಜವಾದ ಶೋಧವೇ ಅದಾಗಿದ್ದರೂ.

ಕೊನೆಯ ಭಾಗದ ಬಗ್ಗೆ, "ಈ ಸಲಹೆಗಳೊಳಗ ನೀ ಬ್ಯಾಡಗ್ಯಾಗ ನೋಡಿದ್ದಕ್ಕ ಯಾವುದು ಹೊಂದತೈತಿ, ಹೆಂಗ ಹೊಂದತೈತಿ?" ಎಂದು ಕೇಳಿದೆ. ಗುರುತು ಬೀಳದ ಭಾಗದ ಬಗ್ಗೆ ನಿರರ್ಗಳವಾಗಿ ಮಾತಾಡಿದ್ದವಳು ಇಲ್ಲಿ ಪುಟವನ್ನು ಎರಡು ಸಲ ಓದಿ, "ಇವು ನನ್ನವಲ್ರಿ, ಅದ ಕೊಟ್ಟದ್ದು" ಎಂದಳು. ಹೀಗೆ ಒಂದೇ ಬಗೆಯ ಗುರುತಿನ ಹಿಂದೆ ಎರಡು ಬೇರೆ ಸಂಗತಿಗಳಿದ್ದವು: ಒಂದೆಡೆ ಅವಳದೇ ಕೆಲಸಕ್ಕೆ ಮೆತ್ತಿದ ಭಾಷೆ, ಇನ್ನೊಂದೆಡೆ ಅವಳದಲ್ಲದ ವಿಚಾರ. ಅಂಕಿಯಿಂದ ಈ ವ್ಯತ್ಯಾಸ ತಿಳಿಯುವಂತಿರಲಿಲ್ಲ.

ಅಂದು ಅಂಕಗಳ ಬಗ್ಗೆ ನಾನು ಏನನ್ನೂ ತೀರ್ಮಾನಿಸಲಿಲ್ಲ. ಮಾತುಕತೆಯ ಸಾರವನ್ನು ಬರೆದು, ಅವಳಿಗೆ ಓದಿಸಿ, ಇಬ್ಬರೂ ಸಹಿ ಮಾಡಿ ವಿಭಾಗದ ಮುಖ್ಯಸ್ಥರಿಗೆ ಕೊಟ್ಟೆವು. ದಾಸ್ತಾನಿನ ಅಧ್ಯಾಯವನ್ನು ಕನ್ನಡ ಕರಡಿನ ಆಧಾರದ ಮೇಲೆ ತನ್ನದೇ ಸರಳ ಇಂಗ್ಲಿಷಿನಲ್ಲಿ ತಿದ್ದಬೇಕು, ಸಲಹೆಗಳನ್ನು ಹೊಸದಾಗಿ ಬರೆಯಬೇಕು, ಬಳಸಿದ ಸಾಧನವನ್ನು ಮುನ್ನುಡಿಯಲ್ಲಿ ತಿಳಿಸಬೇಕು ಎಂದು ಅವರು ಸೂಚಿಸಿದರು.

ಈ ವಿಧಾನಕ್ಕೆ ಮಿತಿಯಿದೆ. ಯಂತ್ರದ ಬರಹವನ್ನು ಚೆನ್ನಾಗಿ ಓದಿಕೊಂಡು ಬಂದ ವಿದ್ಯಾರ್ಥಿ ಎಲ್ಲದಕ್ಕೂ ಉತ್ತರಿಸಬಲ್ಲ; ತಿಂಗಳುಗಳ ಹಿಂದೆ ಪ್ರಾಮಾಣಿಕವಾಗಿ ಬರೆದವನೂ ಮರೆತಿರಬಹುದು. ಹಾಗಾಗಿ ನಾನು ನೆನಪಿನ ಮೇಲೆ ಮಾತ್ರ ನಿಲ್ಲದೆ ಕರಡು, ಕ್ಷೇತ್ರಕಾರ್ಯದ ಟಿಪ್ಪಣಿ, ಗೂಗಲ್ ಡಾಕ್ಸ್‌ನಲ್ಲಿ ಬರೆದಿದ್ದರೆ ಅದರ ಆವೃತ್ತಿ ಇತಿಹಾಸವನ್ನು ತರಲು ಮೊದಲೇ ತಿಳಿಸುತ್ತೇನೆ. ಕರಡು ಇಲ್ಲವೆಂದ ಮಾತ್ರಕ್ಕೆ ತಪ್ಪು ಸಾಬೀತಾಯಿತೆಂದು ಬರೆಯುವುದಿಲ್ಲ. ಇಲ್ಲ ಎಂದಷ್ಟೇ ದಾಖಲಿಸುತ್ತೇನೆ.