ರಾಜ್ಮಾ ಮೆತ್ತಗಾದರೆ ಸಾಲದು, ಕುದಿಯಬೇಕು

ಹೋದ ಬೇಸಿಗೆಯ ಒಂದು ಭಾನುವಾರ ಮೈಸೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿ ಊಟವಿತ್ತು. ಮಧ್ಯಾಹ್ನ 1 ಗಂಟೆಗೆ ಎಲೆ ಹಾಕಿದರು. ಎರಡೂವರೆಯ ಹೊತ್ತಿಗೆ ಅವರ ಮಗ ಬಚ್ಚಲಿಗೆ ಓಡಿ ವಾಂತಿ ಮಾಡಿದ. ಮೂರು ಗಂಟೆಯೊಳಗೆ ಇನ್ನಿಬ್ಬರು ಮಲಗಿದರು. ಒಂದಾದ ಮೇಲೊಂದು ವಾಂತಿ, ಆಮೇಲೆ ಹೊಟ್ಟೆನೋವು, ಭೇದಿ. ಎಲ್ಲರೂ ಮೊಸರನ್ನು ಬೈದರು. ಆದರೆ ಮೊಸರನ್ನು ನಾವು ಏಳು ಮಂದಿಯೂ ತಿಂದಿದ್ದೆವು. ಮಲಗಿದ ಮೂವರು ಮಾತ್ರ ಕೋಸಂಬರಿಯನ್ನು ಎರಡನೆಯ ಸಲ ಹಾಕಿಸಿಕೊಂಡಿದ್ದರು.

ಪಾತ್ರೆಯಲ್ಲಿ ಉಳಿದಿದ್ದನ್ನು ಕೆದಕಿ ನೋಡಿದೆ. ಹೆಸರುಕಾಳಿನ ನಡುವೆ ಮೊಳಕೆ ಬಂದ ಕೆಂಪು ರಾಜ್ಮಾ ಇತ್ತು. ಒಂದನ್ನು ಉಗುರಿನಿಂದ ಒತ್ತಿದರೆ ಎರಡು ಹೋಳಾಗಿ ಒಡೆಯಿತು. ಒಳಗೆ ಹಸಿ ಬಿಳಿ. “ಒಗ್ಗರಣೆಯಲ್ಲಿ ಮೂರು ನಿಮಿಷ ಬಾಡಿಸಿದ್ದೇನೆ, ಮೊಳಕೆಯೂ ಬಂದಿದೆ, ಇನ್ನೇನು ಬೇಯಿಸುವುದು?” ಎಂದರು ಚಿಕ್ಕಮ್ಮ. ರಾತ್ರಿ ಎಂಟರ ಹೊತ್ತಿಗೆ ಮೂವರೂ ಎದ್ದು ಗಂಜಿ ಕುಡಿದರು. ಊಟವಾದ ಒಂದರಿಂದ ಮೂರು ಗಂಟೆಯೊಳಗೆ ಜೋರಾದ ವಾಂತಿ, ಮತ್ತೆ ಮೂರು ನಾಲ್ಕು ಗಂಟೆಯಲ್ಲಿ ಚೇತರಿಕೆ. ಬೇಯದ ರಾಜ್ಮಾ ಹೊಟ್ಟೆಗೆ ಹೋದಾಗ ಸಾಮಾನ್ಯವಾಗಿ ಆಗುವುದೇ ಹೀಗೆ. ನಾಲ್ಕೈದು ಹಸಿ ಕಾಳು ತಿಂದರೂ ಸಾಕು.

ಕಾರಣ ಒಂದು ಪ್ರೋಟೀನ್. ಹೆಸರು ಫೈಟೊಹೀಮಗ್ಲುಟಿನಿನ್, ಗಿಡದಿಂದ ಬಂದ, ರಕ್ತದ ಕಣಗಳನ್ನು ಗಂಟು ಕಟ್ಟಿಸುವ ವಸ್ತು ಎಂದು ಅರ್ಥ. ಇದು ಲೆಕ್ಟಿನ್ ಎಂಬ ಗುಂಪಿಗೆ ಸೇರಿದ್ದು. ನಮ್ಮ ಜೀವಕೋಶಗಳ ಹೊರಮೈಯಲ್ಲಿ ಸಕ್ಕರೆಯ ಅಣುಗಳ ಎಳೆಗಳಿರುತ್ತವೆ. ಲೆಕ್ಟಿನ್ ಅವನ್ನು ಹುಡುಕಿ ಹಿಡಿದುಕೊಳ್ಳುತ್ತದೆ. ಒಂದೊಂದು ಅಣುವಿಗೂ ಹಿಡಿಯುವ ಜಾಗ ಒಂದಕ್ಕಿಂತ ಹೆಚ್ಚು ಇರುವುದರಿಂದ ಕೆಂಪು ರಕ್ತಕಣಗಳ ಜೊತೆ ಬೆರೆಸಿದರೆ ಈ ಕಣವನ್ನೂ ಆ ಕಣವನ್ನೂ ಸೇರಿಸಿ ಮುದ್ದೆ ಮಾಡುತ್ತದೆ. ಬೇರೆ ಪ್ರೋಟೀನುಗಳು ಹೊಟ್ಟೆಯಲ್ಲಿ ಜೀರ್ಣವಾಗಿ ತುಂಡಾಗುತ್ತವೆ, ಇದು ಬಹುಮಟ್ಟಿಗೆ ಹಾಗೆಯೇ ಕರುಳನ್ನು ತಲುಪಿ ಅದರ ಒಳಪದರಕ್ಕೆ ಅಂಟಿಕೊಳ್ಳುತ್ತದೆ. ಕರುಳು ಕೆರಳುತ್ತದೆ.

ಹಸಿ ಕೆಂಪು ರಾಜ್ಮಾದಲ್ಲಿ ಇದು ಎಷ್ಟಿದೆ ಎಂಬುದನ್ನು ರಕ್ತಕಣ ಗಂಟು ಕಟ್ಟುವ ಶಕ್ತಿಯಿಂದಲೇ ಅಳೆಯುತ್ತಾರೆ. ಹಸಿ ಕಾಳಿನದು 20,000ದಿಂದ 70,000 ಮಾನ, ಪೂರ್ತಿ ಬೆಂದ ಕಾಳಿನದು 200ರಿಂದ 400 ಮಾನ. ಬಿಳಿ ರಾಜ್ಮಾದಲ್ಲಿ ಕೆಂಪಿನ ಮೂರನೇ ಒಂದರಷ್ಟು ಇರುತ್ತದೆ. ಹಾಗೆಂದು ಬಿಳಿಯದನ್ನು ಅರೆಬರೆ ಬೇಯಿಸಬಾರದು. 2006ರಲ್ಲಿ ಜಪಾನಿನ ಒಂದು ಟಿ.ವಿ. ಕಾರ್ಯಕ್ರಮ ಬಿಳಿ ಬೀನ್ಸ್ ಕಾಳನ್ನು ಮೂರು ನಿಮಿಷ ಹುರಿದು, ಪುಡಿ ಮಾಡಿ, ಅನ್ನದ ಮೇಲೆ ಉದುರಿಸಿಕೊಂಡರೆ ತೂಕ ಇಳಿಯುತ್ತದೆ ಎಂದು ತೋರಿಸಿತು. ಅದನ್ನು ಮಾಡಿ ತಿಂದ ನೂರಕ್ಕೂ ಹೆಚ್ಚು ಜನ ವಾಂತಿ ಭೇದಿಗೆ ಬಿದ್ದರು.

ಈಗ ಬೇಯಿಸುವ ಕ್ರಮ. ನಾಲ್ಕು ಜನರಿಗೆ ಒಂದು ಲೋಟ, ಅಂದರೆ ಸುಮಾರು 200 ಗ್ರಾಂ ಕಾಳು ಎಂದಿಟ್ಟುಕೊಳ್ಳಿ.

ಮೊದಲು ಆರಿಸಿ, ತೊಳೆಯಿರಿ.

ಎರಡನೆಯದು ನೆನೆಸುವುದು. ಕಾಳಿನ ಮೂರು ನಾಲ್ಕು ಪಟ್ಟು ನೀರು ಹಾಕಿ ರಾತ್ರಿಯಿಡೀ ಬಿಡಿ. ಐದು ಗಂಟೆಗಿಂತ ಕಡಿಮೆ ನೆನೆದ ಕಾಳನ್ನು ನಾನು ಒಲೆಗೆ ಏರಿಸುವುದಿಲ್ಲ. ನೆನೆಸುವುದು ಬರಿಯ ಗ್ಯಾಸು ಉಳಿಸುವುದಕ್ಕೆ ಎಂದು ಹಲವರು ತಿಳಿದಿದ್ದಾರೆ. ನಿಜವಾದ ಕೆಲಸ ಬೇರೆ. ಒಣ ಕಾಳಿನ ನಡುವಿನವರೆಗೆ ಶಾಖ ಹೋಗುವುದು ನಿಧಾನ, ನೀರು ಕುಡಿದು ಉಬ್ಬಿದ ಕಾಳಿನಲ್ಲಿ ಬೇಗ ಹೋಗುತ್ತದೆ. ನೆನೆದದ್ದು ಸಾಕೇ ಎಂದು ನೋಡಲು ಒಂದು ಕಾಳನ್ನು ಚಾಕುವಿನಿಂದ ಅಡ್ಡ ಕೊಯ್ಯಿರಿ. ಒಳಗೆಲ್ಲ ಒಂದೇ ಬಣ್ಣ ಇರಬೇಕು. ನಡುವೆ ಸುಣ್ಣದಂತೆ ಒಣ ಚುಕ್ಕೆ ಕಂಡರೆ ಇನ್ನೂ ಎರಡು ಗಂಟೆ ಬಿಡಿ. ನೆನೆಸಿದ ನೀರಿಗೂ ಸ್ವಲ್ಪ ಲೆಕ್ಟಿನ್ ಇಳಿದಿರುತ್ತದೆ. ಅದನ್ನು ಚೆಲ್ಲಿ, ಇನ್ನೊಮ್ಮೆ ತೊಳೆದು, ಹೊಸ ನೀರು ಹಾಕಿ. “ಸತ್ತ್ವವೆಲ್ಲ ಹೋಗುತ್ತದೆ” ಎಂದು ಆ ನೀರನ್ನೇ ಸಾರಿಗೆ ಬಳಸಬೇಡಿ.

ನೆನೆಸುವುದರಿಂದಾಗಲಿ ಮೊಳಕೆ ಕಟ್ಟುವುದರಿಂದಾಗಲಿ ವಿಷ ಹೋಗುವುದಿಲ್ಲ. ಮೊಳಕೆಯಲ್ಲಿ ಸ್ವಲ್ಪ ಕಡಿಮೆಯಾಗಬಹುದು, ಅಷ್ಟೇ. ಹೆಸರುಕಾಳಿನಲ್ಲಿ ಈ ಮಟ್ಟದ ತೊಂದರೆ ಇಲ್ಲ, ಅದರ ಕೋಸಂಬರಿ ಹಸಿಯಾಗಿಯೇ ನಡೆಯುತ್ತದೆ. ಆ ಅಭ್ಯಾಸವನ್ನು ರಾಜ್ಮಾಕ್ಕೆ ತಂದಾಗ ಕೆಡುಕಾಗುತ್ತದೆ. ಅಂಗಡಿಯಲ್ಲಿ ಸಿಗುವ ಮಿಶ್ರ ಮೊಳಕೆಕಾಳಿನ ಪೊಟ್ಟಣಗಳಲ್ಲಿ ಕೆಲವೊಮ್ಮೆ ರಾಜ್ಮಾ ಸೇರಿರುತ್ತದೆ, ಮೇಲೆ “ಹಾಗೆಯೇ ತಿನ್ನಿ” ಎಂಬ ಧಾಟಿಯ ಮಾತೂ ಇರುತ್ತದೆ. ಅಂಥ ಪೊಟ್ಟಣವನ್ನು ಕೊಳ್ಳಲೇಬೇಡಿ. ಹಸಿ ರಾಜ್ಮಾವನ್ನು ಬೀಸಿ ಹಿಟ್ಟಿಗೋ ಮಕ್ಕಳ ಪುಡಿಗೋ ಸೇರಿಸುವುದೂ ಬೇಡ, ಬಾಣಲೆಯಲ್ಲಿ ಹುರಿದರೆ ಸಾಕಾಗುವುದಿಲ್ಲ.

ಮೂರನೆಯದು ಕುದಿಸುವುದು. ಹೆಚ್ಚಿನವರು ತಪ್ಪುವುದು ಇಲ್ಲಿಯೇ.

ಪ್ರೋಟೀನ್ ಎಂದರೆ ಒಂದು ನಿರ್ದಿಷ್ಟ ಆಕಾರದಲ್ಲಿ ಮಡಚಿಕೊಂಡ ಉದ್ದನೆಯ ದಾರ. ಆ ಆಕಾರ ಇರುವವರೆಗೆ ಲೆಕ್ಟಿನ್ ಸಕ್ಕರೆಯ ಎಳೆಯನ್ನು ಹಿಡಿಯಬಲ್ಲದು. ಕುದಿಯುವ ನೀರಿನ ಶಾಖದಲ್ಲಿ ಮಡಿಕೆ ಬಿಚ್ಚಿಹೋಗುತ್ತದೆ. ಮೊಟ್ಟೆಯ ಬಿಳಿ ಒಮ್ಮೆ ಗಟ್ಟಿಯಾದರೆ ಮತ್ತೆ ನೀರಾಗುವುದಿಲ್ಲವಲ್ಲ, ಹಾಗೆ ಇದೂ ಮತ್ತೆ ಮೊದಲಿನಂತೆ ಮಡಚಿಕೊಳ್ಳುವುದಿಲ್ಲ. ಆದರೆ ಈ ಲೆಕ್ಟಿನ್ ಗಟ್ಟಿ ಜಾತಿಯದು. 100 ಡಿಗ್ರಿಯಲ್ಲಿ ಹತ್ತು ನಿಮಿಷದಲ್ಲಿ ಸೋಲುತ್ತದೆ, 70-75 ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಟ್ಟರೂ ಬಹಳಷ್ಟು ಉಳಿದುಬಿಡುತ್ತದೆ. 80 ಡಿಗ್ರಿಯವರೆಗೆ ಮಾತ್ರ ಬಿಸಿಯಾದ ಕಾಳು ಹಸಿಯದಕ್ಕಿಂತ ಐದು ಪಟ್ಟಿನವರೆಗೆ ಹೆಚ್ಚು ವಿಷವಾಗಬಹುದು ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ಎಚ್ಚರಿಸುತ್ತದೆ. ಅರೆಬೆಂದ ಕಾಳಿನ ಅಪಾಯ ಇಲ್ಲಿದೆ: ಸಣ್ಣ ಶಾಖದಲ್ಲಿ ನಾಲ್ಕೈದು ಗಂಟೆ ಇದ್ದ ರಾಜ್ಮಾ ಬೆರಳಿನಲ್ಲಿ ಹಿಸುಕಿದರೆ ಮೆತ್ತಗೇ ಇರುತ್ತದೆ. ಮೆತ್ತಗಾಗುವುದು ಒಂದು, ವಿಷ ಹೋಗುವುದು ಇನ್ನೊಂದು. ಹಳೆಯ ದಾಸ್ತಾನಿನ ಕಾಳು ಒಂದು ಗಂಟೆ ಕುದಿದರೂ ಗಟ್ಟಿಯೇ ಇರಬಹುದು. ಅದರಲ್ಲಿ ವಿಷ ಹೋಗಿರುತ್ತದೆ. ನಾಲಿಗೆಗೂ ಮೂಗಿಗೂ ಇದು ತಿಳಿಯುವುದಿಲ್ಲ. ನಂಬಬೇಕಾದದ್ದು ಕುದಿಯನ್ನು ಮತ್ತು ಗಡಿಯಾರವನ್ನು.

ತೆರೆದ ಪಾತ್ರೆಯಲ್ಲಿ ಮಾಡುವುದಾದರೆ ನೆನೆದ ಕಾಳು ಮುಳುಗಿ, ಮೇಲೆ ನಾಲ್ಕು ಬೆರಳು ನಿಲ್ಲುವಷ್ಟು ನೀರು ಹಾಕಿ ದೊಡ್ಡ ಉರಿಯಲ್ಲಿ ಇಡಿ. ಮೊದಲು ಅಂಚಿನಲ್ಲಿ ಸಣ್ಣ ಗುಳ್ಳೆ ಬರುತ್ತವೆ, ಬೂದು ಬಣ್ಣದ ನೊರೆ ಏಳುತ್ತದೆ. ಇದು ಕುದಿ ಅಲ್ಲ. ನೊರೆ ತೆಗೆದುಹಾಕಿ. ಕಾಳುಗಳು ತಳದಿಂದ ಎದ್ದು ಮೇಲಕ್ಕೆ ಬಂದು ಮತ್ತೆ ಮುಳುಗುವಂತೆ ಇಡೀ ನೀರು ಕೊತಕೊತ ಕುದಿಯಬೇಕು. ಸೌಟಿನಿಂದ ಕಲಕಿದರೂ ಕುದಿ ನಿಲ್ಲಬಾರದು. ಆಗ ಗಡಿಯಾರ ನೋಡಿ. ಅಲ್ಲಿಂದ ಹತ್ತು ನಿಮಿಷ ಸಾಕು ಎನ್ನುತ್ತದೆ ಬ್ರಿಟನ್ನಿನ ಸಲಹೆ. ಅಮೆರಿಕದ ಸಂಸ್ಥೆ, ಪಾತ್ರೆಯೊಳಗಿನ ಎಲ್ಲ ಕಾಳಿಗೂ ಶಾಖ ತಲುಪಲಿ ಎಂದು ಮೂವತ್ತು ನಿಮಿಷ ಹೇಳುತ್ತದೆ. ನನ್ನದು ಮೂವತ್ತೇ. ನಡುವೆ ನೀರು ಬತ್ತಿದರೆ ಕುದಿಯುವ ನೀರನ್ನೇ ಸೇರಿಸಿ. ತಣ್ಣೀರು ಸುರಿದು ಕುದಿ ನಿಂತರೆ ಗಡಿಯಾರವನ್ನು ಮೊದಲಿನಿಂದ ಶುರುಮಾಡಿ. ಮೂವತ್ತು ನಿಮಿಷದ ಮೇಲೆ ಸಣ್ಣ ಉರಿಯಲ್ಲಿ ಮೆತ್ತಗಾಗುವವರೆಗೆ ನಿಶ್ಚಿಂತೆಯಿಂದ ಬೇಯಿಸಬಹುದು.

ನಮ್ಮ ಮನೆಗಳಲ್ಲಿ ಇದಕ್ಕಿಂತ ಒಳ್ಳೆಯದು ಪ್ರೆಷರ್ ಕುಕ್ಕರ್. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿಯಲ್ಲಿ ಕುದಿದರೆ ಬೆಂಗಳೂರಿನ ಎತ್ತರದಲ್ಲಿ ಸುಮಾರು 97ಕ್ಕೇ ಕುದಿಯುತ್ತದೆ. ಇಷ್ಟು ವ್ಯತ್ಯಾಸವನ್ನು ಮೂವತ್ತು ನಿಮಿಷ ಸರಿದೂಗಿಸುತ್ತದೆ. ಲೇಹ್‌ನಂಥ ಊರಿನಲ್ಲಿ 88ರ ಆಸುಪಾಸಿಗೆ ಇಳಿಯುತ್ತದೆ, ಅಲ್ಲಿ ತೆರೆದ ಪಾತ್ರೆಯನ್ನು ನೆಚ್ಚಬಾರದು. ಕುಕ್ಕರಿನೊಳಗಿನ ಒತ್ತಡದಲ್ಲಿ ನೀರು 120 ಡಿಗ್ರಿಯ ಹತ್ತಿರ ಹೋಗುತ್ತದೆ, ಎತ್ತರದ ಚಿಂತೆಯೇ ಇಲ್ಲ. ನಾನು ಮುಚ್ಚಳ ಹಾಕದೆ ಒಂದು ಕುದಿ ಬರಿಸಿ, ನೊರೆ ತೆಗೆದು, ಆಮೇಲೆ ಮುಚ್ಚುತ್ತೇನೆ. ಒಂದು ಸೀಟಿ ಬಂದ ಮೇಲೆ ಉರಿ ಸಣ್ಣ ಮಾಡಿ ಇಪ್ಪತ್ತು ನಿಮಿಷ, ನಂತರ ಒತ್ತಡ ತಾನಾಗಿ ಇಳಿಯುವವರೆಗೆ ಮುಟ್ಟುವುದಿಲ್ಲ. ಸೀಟಿ ಎಣಿಸುವುದಕ್ಕಿಂತ ನಿಮಿಷ ಎಣಿಸುವುದು ಮೇಲು. ಗ್ಯಾಸ್ಕೆಟ್ ಸಡಿಲವಾದ ಕುಕ್ಕರ್ ಅಂಚಿನಲ್ಲಿ ಹಬೆ ಬಿಡುತ್ತಿದ್ದರೆ ಒಳಗೆ ಒತ್ತಡವೇ ನಿಂತಿರುವುದಿಲ್ಲ. ಅವಸರಕ್ಕೆ ಎರಡು ಸೀಟಿ ಹೊಡೆಸಿ, ತಣ್ಣೀರಿನ ಕೆಳಗೆ ಹಿಡಿದು ತೆಗೆದ ಕಾಳನ್ನು ನಾನು ನಂಬುವುದಿಲ್ಲ.

ವಿದೇಶದಲ್ಲಿರುವ ನಮ್ಮವರು ಕೇಳುವ ಪ್ರಶ್ನೆಯೊಂದಿದೆ: ಬೆಳಿಗ್ಗೆ ಸ್ಲೋ ಕುಕ್ಕರಿನಲ್ಲಿ ರಾಜ್ಮಾ ಹಾಕಿ ಕೆಲಸಕ್ಕೆ ಹೋಗಬಹುದೇ? ನೆನೆಸಿದ ಕಾಳನ್ನು ನೇರವಾಗಿ ಹಾಕಬಾರದು. ಆ ಉಪಕರಣದೊಳಗಿನ ಕಾಳು ಎಷ್ಟೋ ಸಲ 75 ಡಿಗ್ರಿಯನ್ನೂ ಮುಟ್ಟುವುದಿಲ್ಲ. ಒಲೆಯ ಮೇಲೆ ಮೂವತ್ತು ನಿಮಿಷ ಕುದಿಸಿ, ಆ ನೀರು ಚೆಲ್ಲಿ, ಬಿಸಿಯಿರುವಾಗಲೇ ಅದಕ್ಕೆ ವರ್ಗಾಯಿಸಿ. ಡಬ್ಬಿಯಲ್ಲಿ ಬರುವ ರಾಜ್ಮಾ ಡಬ್ಬಿಯೊಳಗೇ ಪೂರ್ತಿ ಬೆಂದಿರುತ್ತದೆ, ತೊಳೆದು ಬಳಸಿದರಾಯಿತು. ಮಾರುಕಟ್ಟೆಯಲ್ಲಿ ಸಿಪ್ಪೆ ಬಿಡಿಸಿ ಮಾರುವ ಹಸಿ ಬೀನ್ಸ್ ಕಾಳು ಇದೇ ಗಿಡದ್ದು. ನೆನೆಸುವುದು ಬೇಡ, ಕುದಿಸುವುದು ಬೇಕೇ ಬೇಕು.

ನಾಲ್ಕನೆಯದು ಹುಳಿ. ಟೊಮೆಟೊ, ಹುಣಸೆರಸವನ್ನು ಕಾಳು ಬೆಂದ ಮೇಲೆಯೇ ಹಾಕಿ. ಮೊದಲೇ ಹಾಕಿದರೆ ಸಿಪ್ಪೆ ಬಿಗಿಯಾಗುತ್ತದೆ. ಗಡುಸಾದ ಬೋರ್‌ವೆಲ್ ನೀರಿನಲ್ಲೂ ಹೀಗೆಯೇ ಆಗುತ್ತದೆ, ಕುಡಿಯುವ ನೀರಿನಲ್ಲಿ ಬೇಯಿಸಿ.

ಮಸಾಲೆಗೆ ಹಾಕುವ ಮುಂಚೆ ಬೇರೆ ಬೇರೆ ಕಡೆಯಿಂದ ಐದು ಕಾಳು ತೆಗೆದು ಹಿಸುಕಿ. ಯಾವುದಾದರೂ ಒಂದು ಹಸಿಯಾಗಿ ಒಡೆದರೂ ಎಲ್ಲವನ್ನೂ ಮತ್ತೆ ಕುಕ್ಕರಿಗೆ ಹಾಕಿ. ಅರೆಬೆಂದದ್ದನ್ನು ಎಸೆಯಬೇಕಾಗಿಲ್ಲ, ಎರಡನೆಯ ಸಲ ಚೆನ್ನಾಗಿ ಕುದಿದರೆ ಅದೂ ಸರಿಹೋಗುತ್ತದೆ.

ತಿಳಿಯದೆ ತಿಂದುಬಿಟ್ಟರೆ ಇದಕ್ಕೆ ಪ್ರತ್ಯೇಕ ಮದ್ದಿಲ್ಲ. ಓಆರ್‌ಎಸ್ ದ್ರಾವಣವನ್ನು ಗುಟುಕು ಗುಟುಕಾಗಿ ಕುಡಿಸುತ್ತಿರಿ. ಸಣ್ಣ ಮಕ್ಕಳು, ವಯಸ್ಸಾದವರು, ಬಸುರಿಯರಾದರೆ, ಅಥವಾ ಕುಡಿದದ್ದು ನಿಲ್ಲದಷ್ಟು ವಾಂತಿ ಇದ್ದರೆ, ಕಾಯದೆ ವೈದ್ಯರ ಬಳಿಗೆ ಕರೆದೊಯ್ಯಿರಿ, ಏನು ತಿಂದರು, ಎಷ್ಟು ಹೊತ್ತಿಗೆ ತಿಂದರು ಎಂಬುದನ್ನು ಹೇಳಿ. ಚಿಕ್ಕಮ್ಮ ಈಗಲೂ ರಾಜ್ಮಾಕ್ಕೆ ಮೊಳಕೆ ಕಟ್ಟುತ್ತಾರೆ. ಹೆಸರುಕಾಳಿನದು ಒಂದು ಬಟ್ಟೆ, ರಾಜ್ಮಾದ್ದು ಇನ್ನೊಂದು ಬಟ್ಟೆ. ಎರಡನೆಯದು ನೇರವಾಗಿ ಕುಕ್ಕರಿಗೆ ಹೋಗುತ್ತದೆ.