ಟವರ್ ಕಾಣದ ಹಿತ್ತಲಿನಲ್ಲಿ ನೆಟ್ ಓಡಿಸಿದ್ದು: ನನ್ನ ಅನುಭವ

ತಾರಸಿಗೆ ಹತ್ತಿದರೆ ಎರಡು ಟವರುಗಳು ಬರಿಗಣ್ಣಿಗೆ ಕಾಣುವ, ಫೋನಿನಲ್ಲಿ ಸಿಗ್ನಲ್ ಕಡ್ಡಿಗಳೆಲ್ಲ ತುಂಬಿ ನಿಲ್ಲುವ, ಆದರೂ ಒಂದು ವಿಡಿಯೊ ಕರೆ ನೆಟ್ಟಗೆ ನಡೆಯದ ಮನೆಗಳು ಪಾಂಡವಪುರದ ಸುತ್ತಮುತ್ತ ಸಾಕಷ್ಟಿವೆ. ಹಳ್ಳಿಗಳಲ್ಲಿ ಕ್ಯಾಮೆರಾ ಮತ್ತು ವೈಫೈ ಅಳವಡಿಸುವುದು ನನ್ನ ಕಸುಬಾದ್ದರಿಂದ ಇಂಥ ಮನೆಗಳಿಂದ ನನಗೆ ಆಗಾಗ ಕರೆ ಬರುತ್ತದೆ. ಇವುಗಳಲ್ಲಿ ಹೆಚ್ಚಿನವಕ್ಕೆ ಕಂಬವೂ ಬೇಡ, ಆಂಟೆನಾವೂ ಬೇಡ, ಸಿಮ್ ಹಾಕುವ ರೌಟರನ್ನು ಸರಿಯಾದ ಗೋಡೆಯ ಮರೆಗೆ ತಂದಿಟ್ಟರೆ ಸಾಕು ಎಂದು ನಾನು ಬಹಳ ದಿನಗಳಿಂದ ಹೇಳುತ್ತಿದ್ದೆ. ನಮ್ಮ ಕಸುಬಿನವರೇ ಇದನ್ನು ಕೇಳಿ ನಗುತ್ತಿದ್ದರು. ಕಳೆದ ಬೇಸಿಗೆಯಲ್ಲಿ ಮೇಲುಕೋಟೆ ರಸ್ತೆಯ ಒಂದು ಮನೆಯಲ್ಲಿ ಎಲ್ಲರೆದುರೇ ಇದು ಫಲ ಕೊಟ್ಟ ಮೇಲೆ ಬರೆದಿಡುವುದು ಒಳ್ಳೆಯದೆನಿಸಿತು.

ಸಿಗ್ನಲ್ಲಿನ ಅಂಕಿಗಳನ್ನು ತೋರಿಸುವ ಫೋನಿನ ಒಳಮೆನು ತೆರೆಯಲು ಡಯಲ್ ಮಾಡುವ ಸಂಕೇತಗಳು ನಮ್ಮ ಕಸುಬಿನವರಿಗೆಲ್ಲ ಗೊತ್ತಿರುವವೇ. ಮೊದಲನೆಯದು ಬಹುತೇಕ ಆಂಡ್ರಾಯ್ಡ್ ಫೋನುಗಳಿಗೆ, ಎರಡನೆಯದು ಸ್ಯಾಮ್‌ಸಂಗ್‌ಗೆ.

```
*#*#4636#*#*
*#0011#
```

ನೋಡಬೇಕಾದದ್ದು SINR, ಎಂದರೆ ಬೇಕಾದ ಸಿಗ್ನಲ್ ಉಳಿದ ಗದ್ದಲಕ್ಕಿಂತ ಎಷ್ಟು ಮೇಲಿದೆ ಎಂಬ ಅಂಕಿ. ಮೊದಲನೆಯದರಲ್ಲಿ ಆ ಹೆಸರು ಕಾಣದು, `rssnr` ಎಂದಿರುತ್ತದೆ. ಅಲ್ಲಿ 2147483647 ಎಂಬ ದೊಡ್ಡ ಸಂಖ್ಯೆ ಬಂದರೆ ಆ ಫೋನು ಅಂಕಿಯನ್ನು ಕೊಡುತ್ತಿಲ್ಲ ಎಂದೇ ಅರ್ಥ, ಹಾಗಾಗಿ ಅದನ್ನು ನಂಬಿ ಕೂರದೆ ಬೇರೆ ಫೋನು ಹಿಡಿಯಬೇಕು. ಹಳೆಯ ಫೋನುಗಳಲ್ಲಿ 130 ಎಂದು ಬಂದರೆ ಅದನ್ನು 13.0 ಡೆಸಿಬೆಲ್ ಎಂದು ಓದಿಕೊಳ್ಳಬೇಕು. ಇನ್ನೊಂದು ಮಾತು: SINR ಅನ್ನು ಪ್ರತಿ ಚಿಪ್ ತಯಾರಕರೂ ತಮ್ಮದೇ ರೀತಿಯಲ್ಲಿ ಲೆಕ್ಕ ಹಾಕುವುದರಿಂದ ಎರಡು ಫೋನುಗಳ ಅಂಕಿಗಳನ್ನು ಒಂದಕ್ಕೊಂದು ಹೋಲಿಸಲು ಹೋಗಬಾರದು. ನಾನು ಅಳತೆಗೆಂದೇ ಒಂದು ಹಳೆಯ ಫೋನನ್ನು ಮೀಸಲಿಟ್ಟಿದ್ದೇನೆ. ಗಾಜು ಒಡೆದಿದೆ, ಮಾರಿದರೆ ಸಾವಿರ ರೂಪಾಯಿಯೂ ಬರದು, ಆದರೆ ಅದನ್ನು ನಾನು ಯಾರಿಗೂ ಕೊಡುವುದಿಲ್ಲ.

ಮೇಲುಕೋಟೆ ರಸ್ತೆಯ ಆ ಮನೆಯ ಮಗಳು ಬೆಂಗಳೂರಿನ ಕೆಲಸವನ್ನು ಮನೆಯಿಂದಲೇ ಮಾಡುತ್ತಿದ್ದಳು. ನಾನು ಹೋಗುವಷ್ಟರಲ್ಲಿ ಅವರು ಆಗಲೇ ಏಳು ಸಾವಿರದ ಹತ್ತಿರ ಖರ್ಚು ಮಾಡಿದ್ದರು. ತಾರಸಿಯ ಮೇಲೆ ಇಪ್ಪತ್ತಡಿ ಜಿಐ ಪೈಪು, ಅದರ ತುದಿಯಲ್ಲಿ ಎಲ್ಲ ದಿಕ್ಕಿನಿಂದಲೂ ಹಿಡಿಯುವ ಆಂಟೆನಾ, ಅಲ್ಲಿಂದ ಕೋಣೆಯವರೆಗೆ ಹತ್ತು ಹನ್ನೆರಡು ಮೀಟರ್ ತೆಳ್ಳನೆಯ ಕೇಬಲ್. ಅಂಥ ಕೇಬಲ್ 1800 ಮೆಗಾಹರ್ಟ್ಸ್‌ನಲ್ಲಿ ಮೀಟರಿಗೆ ಒಂದು ಡೆಸಿಬೆಲ್‌ನ ಹತ್ತಿರ ನುಂಗುತ್ತದೆ, ಎಂದರೆ ಪೈಪು ಏರಿಸಿ ಗಳಿಸಿದ್ದೆಲ್ಲ ಕೇಬಲ್ಲಿನಲ್ಲೇ ಹೋಯಿತು. ಅದಕ್ಕಿಂತ ದೊಡ್ಡ ತೊಂದರೆ ಆಂಟೆನಾದ್ದು. ಅದು ಬೇಕಾದ ಟವರನ್ನೂ ಬೇಡದ ಟವರನ್ನೂ ಸಮನಾಗಿ ತಂದು ಸುರಿಯುತ್ತಿತ್ತು.

ಆಂಟೆನಾ ಕಳಚಿ, ನನ್ನ ಫೋನನ್ನು ತಾರಸಿಯ ಮೇಲೆ ಮರದ ಸ್ಟೂಲಿನಲ್ಲಿ ಇಟ್ಟು ನೋಡಿದೆ. ಕೈಯಲ್ಲಿ ಹಿಡಿದರೆ ಅಂಗೈಯೇ ಕೆಲವು ಡೆಸಿಬೆಲ್ ತಿನ್ನುತ್ತದೆ, ಆದ್ದರಿಂದ ಸ್ಟೂಲು ಕಡ್ಡಾಯ. ಹಿನ್ನೆಲೆಯಲ್ಲಿ ಒಂದು ಡೌನ್‌ಲೋಡ್ ಓಡುತ್ತಿರಬೇಕು, ಇಲ್ಲವಾದರೆ ಫೋನು ಅರೆನಿದ್ದೆಯಲ್ಲಿದ್ದು ಅಂಕಿಗಳನ್ನು ತಡವಾಗಿ ಬದಲಿಸುತ್ತದೆ. ಪ್ರತಿ ಜಾಗದಲ್ಲೂ ಅರ್ಧ ನಿಮಿಷವಾದರೂ ಕಾಯಬೇಕು. ಹಾಗೆ ಕಾದಾಗ ಕಂಡದ್ದು ಸುಮಾರಾಗಿ ಹೀಗಿತ್ತು: ಸಿಗ್ನಲ್ಲಿನ ಬಲವನ್ನು ಹೇಳುವ RSRP -83, SINR 2, ವೇಗ ನಾಲ್ಕೈದು ಎಂಬಿಪಿಎಸ್. -83 ಎಂದರೆ ಬಹಳ ಒಳ್ಳೆಯ ಬಲ, ಕಡ್ಡಿ ತುಂಬಿ ಕಾಣುವುದು ಇದರಿಂದಲೇ. ಆದರೆ SINR ಎರಡೇ ಇದ್ದರೆ ಬೇಕಾದ ಸಿಗ್ನಲ್, ಉಳಿದ ಗದ್ದಲಕ್ಕಿಂತ ಕೂದಲೆಳೆಯಷ್ಟು ಮಾತ್ರ ಮೇಲಿದೆ ಎಂದಾಯಿತು.

ಗದ್ದಲ ಎಲ್ಲಿಯದು ಎಂದು ತಿಳಿಯಲು ಅದೇ ಮೆನುವಿನ ಕೆಳಗಿರುವ ಅಕ್ಕಪಕ್ಕದ ಸೆಲ್‌ಗಳ ಪಟ್ಟಿಯನ್ನು ನೋಡಬೇಕು. PCI ಎಂದರೆ ಟವರಿನ ಸೆಲ್‌ನ ಗುರುತಿನ ಸಂಖ್ಯೆ, EARFCN ಎಂದರೆ ಅದು ಬಳಸುವ ಆವರ್ತನದ ಸಂಖ್ಯೆ. ಫೋನು ಹಿಡಿದಿದ್ದ PCI 118 ರ ಜೊತೆಗೆ PCI 247 ಕೂಡ ಅದೇ EARFCN ನಲ್ಲಿ, -85 ರ ಬಲದಲ್ಲಿ ಕೂತಿತ್ತು. ಒಂದು ಪೂರ್ವಕ್ಕೆ ಊರ ಕಡೆಯ ಟವರು, ಇನ್ನೊಂದು ಪಶ್ಚಿಮಕ್ಕೆ ಗದ್ದೆಗಳಾಚೆಯದು. ನಮ್ಮದು ಬಯಲು ಸೀಮೆ, ನಡುವೆ ಗುಡ್ಡ ಅಡ್ಡವಿಲ್ಲದ ಕಡೆ ತಾರಸಿಯಷ್ಟು ಎತ್ತರಕ್ಕೆ ಹೋದರೆ ಎರಡೂ ಸರಿಸಮನಾಗಿ ಬೀಳುತ್ತವೆ. ಫೋನು ಒಮ್ಮೆ ಅದಕ್ಕೆ, ಒಮ್ಮೆ ಇದಕ್ಕೆ ಹಾರುತ್ತಿತ್ತು, ಹಾರಿದಾಗಲೆಲ್ಲ ಕರೆ ಒಂದು ಕ್ಷಣ ನಿಲ್ಲುತ್ತಿತ್ತು. ಸಾಲದ್ದಕ್ಕೆ 118 ನ್ನೂ 247 ನ್ನೂ ಮೂರರಿಂದ ಭಾಗಿಸಿದರೆ ಎರಡಕ್ಕೂ ಶೇಷ ಒಂದೇ. ಶೇಷ ಒಂದೇ ಆದರೆ ಎರಡೂ ಸೆಲ್‌ಗಳ ಗುರುತಿನ ಸಂಕೇತಗಳು ಒಂದೇ ಜಾಗದಲ್ಲಿ ಒಂದರ ಮೇಲೊಂದು ಬೀಳುತ್ತವೆ, ಆಗ ನಡುರಾತ್ರಿಯಲ್ಲಿ ಯಾರೂ ನೆಟ್ ಬಳಸದಿದ್ದರೂ SINR ಏಳುವುದಿಲ್ಲ. ಈ PCI ಬದಲಿಸುವುದು ಕಂಪನಿಯ ಕೈಯಲ್ಲಿರುವ ಕೆಲಸ. ನಮ್ಮ ಕೈಯಲ್ಲಿರುವುದು ಎರಡರಲ್ಲಿ ಒಂದು ಟವರನ್ನು ಮರೆಮಾಡುವುದಷ್ಟೇ.

ಮರೆಮಾಡಲು ಮನೆಯೇ ಇತ್ತು. ಪಶ್ಚಿಮಕ್ಕೆ ತೆರೆದ ಹಿತ್ತಲಿನ ಜಗುಲಿಗೆ ಇಳಿದರೆ ಪೂರ್ವದ ಟವರಿಗೂ ಸ್ಟೂಲಿಗೂ ನಡುವೆ ಇಡೀ ಮನೆಯ ಗೋಡೆಗಳೂ ಆರ್‌ಸಿಸಿಯೂ ಅಡ್ಡ ನಿಲ್ಲುತ್ತವೆ. ಸ್ಟೂಲು ಎತ್ತಿಕೊಂಡು ಕೆಳಗಿಳಿಯುವಾಗ ಯಜಮಾನರು ತಡೆದರು: "ಅಲ್ಲ ಕಣಪ್ಪ, ಟವರ್ ಕಣ್ಣಿಗೆ ಕಾಣೋದು ಮೇಲೆ, ನೀನು ಹಿತ್ತಲಲ್ಲಿ ಹುಡುಕ್ತೀನಿ ಅಂತೀಯಲ್ಲ?" ಮೊದಲು ಪೈಪು ನಿಲ್ಲಿಸಿ ಹೋಗಿದ್ದವನೂ ಅಂದು ಅಲ್ಲೇ ಇದ್ದ, "ಅಣ್ಣ, ಇನ್ನೂ ಹತ್ತಡಿ ಏರಿಸಿದ್ರೆ ಸರಿಹೋಗುತ್ತೆ" ಎಂದು ಅವನ ಮಾತು.

ಜಗುಲಿಯಲ್ಲಿ RSRP -97 ಕ್ಕೆ ಇಳಿಯಿತು. ಯಜಮಾನರ ಮುಖವೂ ಇಳಿಯಿತು, ಏಕೆಂದರೆ ಎರಡು ಕಡ್ಡಿ ಕಡಿಮೆಯಾಗಿದ್ದವು. ಆದರೆ ಪೂರ್ವದ ಟವರು -113 ರ ಆಸುಪಾಸಿಗೆ ಬಿದ್ದಿತ್ತು. ಮೇಲೆ ಎರಡರ ನಡುವೆ ಎರಡೇ ಡೆಸಿಬೆಲ್ ಅಂತರವಿದ್ದದ್ದು ಇಲ್ಲಿ ಹದಿನಾರಾಯಿತು, ದೂರದ ಉಳಿದ ಟವರುಗಳ ಪಾಲು ಕಳೆದು SINR 14 ಎಂದು ತೋರಿಸಿತು. ವೇಗ ಹದಿನೇಳು, ಹದಿನೆಂಟು ಎಂಬಿಪಿಎಸ್. ಬಲ ಹದಿನಾಲ್ಕು ಡೆಸಿಬೆಲ್ ಕುಸಿದೂ ವೇಗ ಮೂರೂವರೆ ಪಟ್ಟಿನಷ್ಟು ಏರಿದ್ದಕ್ಕೆ ಲೆಕ್ಕವಿದೆ. SINR ನ ಡೆಸಿಬೆಲ್ಲನ್ನು ಸಾದಾ ಸಂಖ್ಯೆಗೆ ಇಳಿಸಿ ಕೆಳಗಿನ ಸೂತ್ರಕ್ಕೆ ಹಾಕಿದರೆ ಒಂದು ಹರ್ಟ್ಸ್‌ನಲ್ಲಿ ಹೆಚ್ಚೆಂದರೆ ಎಷ್ಟು ಬಿಟ್ ಸಾಗಬಹುದೆಂಬ ಮಿತಿ ಸಿಗುತ್ತದೆ.

```
log2(1 + 10^(SINR/10))
SINR = 2   ->  1.4
SINR = 14  ->  4.7
```

4.7 ನ್ನು 1.4 ರಿಂದ ಭಾಗಿಸಿದರೆ ಮೂರಕ್ಕಿಂತ ತುಸು ಹೆಚ್ಚು. ಅಲ್ಲಿ ನಿಂತೇ ಈ ಲೆಕ್ಕ ತೋರಿಸಿದ್ದೆ ಎಂದು ಸ್ವಲ್ಪ ಜಂಬದಿಂದಲೇ ಹೇಳುತ್ತೇನೆ. ಈ ಸೂತ್ರದಲ್ಲಿ RSRP ಎಲ್ಲಿಯೂ ಇಲ್ಲ ಎಂಬುದನ್ನು ಗಮನಿಸಬೇಕು. -110 ರಿಂದ ಕೆಳಗೆ ಜಾರಿದರೆ ಮಾತ್ರ ಅದು ತೊಂದರೆ ಕೊಡುತ್ತದೆ, ಆಗ ಫೋನಿನಿಂದ ಟವರಿಗೆ ಹೋಗುವ ದಾರಿ ಮೊದಲು ಸೋಲುವುದರಿಂದ ಅಪ್‌ಲೋಡ್ ಸಾಯುತ್ತದೆ. ಆ ಗೆರೆಯ ಮೇಲಿರುವವರೆಗೆ ನಾನು SINR ಒಂದನ್ನೇ ಬೆನ್ನಟ್ಟುತ್ತೇನೆ.

ದಿಕ್ಕು ನೋಡಿ ಹಿಡಿಯುವ ಯಾಗಿ ಆಂಟೆನಾ ಹಾಕಬಾರದಿತ್ತೇ ಎಂದು ಕೇಳುವವರಿದ್ದಾರೆ. ಅದನ್ನೂ ಬೇರೊಂದು ಮನೆಯಲ್ಲಿ ಎರಡು ಸಾವಿರ ಚಿಲ್ಲರೆ ಕೊಟ್ಟು ತಂದು ನೋಡಿದ್ದೇನೆ. RSRP ಏರಿತು, SINR ಕೂಡ ಏರಿತು, ವೇಗ ಮಾತ್ರ ಇದ್ದಲ್ಲೇ ಇತ್ತು. ರೌಟರಿನೊಳಗೆ ಎರಡು ಆಂಟೆನಾಗಳಿದ್ದು ಅವು ಎರಡು ಪ್ರತ್ಯೇಕ ಧಾರೆಗಳನ್ನು ಒಟ್ಟಿಗೆ ತರುತ್ತವೆ. ಒಂದೇ ಯಾಗಿ ಜೋಡಿಸಿದರೆ ಒಂದು ಧಾರೆ ಹೋಗಿಬಿಡುತ್ತದೆ, SINR ನಲ್ಲಿ ಗಳಿಸಿದ್ದನ್ನು ಅಲ್ಲಿ ಕಳೆದುಕೊಂಡಂತಾಗುತ್ತದೆ. ಎರಡು ಯಾಗಿಗಳನ್ನು ಒಂದಕ್ಕೊಂದು ಅಡ್ಡವಾಗಿ, ಎರಡು ಒಳ್ಳೆಯ ಕೇಬಲ್ ಎಳೆದು ಕೂರಿಸಿದರೆ ಕೆಲಸವಾಗುತ್ತದೆ, ಆದರೆ ಖರ್ಚು ಎಂಟು ಸಾವಿರ ದಾಟುತ್ತದೆ. ಬೂಸ್ಟರ್ ವಿಚಾರವನ್ನು ಎತ್ತಲೇಬೇಡಿ. ಪರವಾನಗಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ, ಮೇಲಾಗಿ ಅದು ಸಿಗ್ನಲ್ಲಿನ ಜೊತೆ ಗದ್ದಲವನ್ನೂ ಅಷ್ಟೇ ಎತ್ತುವುದರಿಂದ ಇಂಥ ಮನೆಯಲ್ಲಿ SINR ಇದ್ದಷ್ಟೇ ಇರುತ್ತದೆ.

ರೌಟರನ್ನು ಆ ಜಗುಲಿಗೇ ತಂದಿಟ್ಟ ಮೇಲೆ ಅಲ್ಲಿ ಒಂದು ಚಿಕ್ಕ ಪ್ರಯೋಗವೂ ಆಯಿತು. ಅವರ ಹಳೆಯ ಆಲೆಮನೆಯ ಒಂದು ತಗಡಿನ ಶೀಟು ಹಿತ್ತಲಲ್ಲಿ ಬಿದ್ದಿತ್ತು, ಅದನ್ನು ರೌಟರಿನ ಪೂರ್ವ ಬದಿಗೆ ನಿಲ್ಲಿಸಿದೆವು. ಮೊದಲಿಗೆ SINR 11 ಕ್ಕೆ ಬಿದ್ದಿತು. ತಗಡು ತಡೆಯುವುದರ ಜೊತೆಗೆ ಪಶ್ಚಿಮದ ಸಿಗ್ನಲ್ಲನ್ನು ಹಿಂದಕ್ಕೂ ಎಸೆಯುತ್ತದೆ, ಎಸೆದದ್ದು ನೇರವಾಗಿ ಬಂದದ್ದರೊಡನೆ ಕೂಡಲೂಬಹುದು, ಕಳೆಯಲೂಬಹುದು. ಈ ಅಲೆಯ ಉದ್ದ ಹದಿನಾರು ಹದಿನೇಳು ಸೆಂಟಿಮೀಟರ್ ಇರುವುದರಿಂದ ನಾಲ್ಕು ಬೆರಳಗಲ ಸರಿಸಿದರೂ ಆಟ ಬದಲಾಗುತ್ತದೆ. ಸರಿಸುತ್ತಾ ಹೋದಾಗ ಒಂದು ಜಾಗದಲ್ಲಿ 17 ಬಂತು. ಆದರೆ ಗಾಳಿಗೆ ಶೀಟು ಅಲುಗಿದಾಗಲೆಲ್ಲ ಅಂಕಿಯೂ ಅಲುಗಿತು, ಹಾಗಾಗಿ ತೆಗೆದುಬಿಟ್ಟೆವು. ಈಗ ನಾನು ಶೀಟಿನ ಬದಲು ಬೇರೊಂದು ಸಾಮಾನು ಬಳಸುತ್ತೇನೆ, ಮೂರು ಡೆಸಿಬೆಲ್ ಸಲೀಸಾಗಿ ಸಿಗುತ್ತದೆ. ಅದೇನೆಂದು ಇಲ್ಲಿ ಬರೆಯುವುದಿಲ್ಲ, ಹೊಟ್ಟೆಪಾಡಿನ ಪ್ರಶ್ನೆ.

ಪಶ್ಚಿಮಕ್ಕೆ ಅವರದೇ ಕಬ್ಬಿನ ಗದ್ದೆ. ಅಳತೆ ಮಾಡಿದಾಗ ಕಬ್ಬು ಕಟಾವಾಗಿತ್ತು. ಮತ್ತೆ ಆಳೆತ್ತರ ದಾಟಿ ಬೆಳೆದ ಮೇಲೆ ಹೋಗಿ ನೋಡಿದರೆ RSRP -101 ರ ಹತ್ತಿರ, SINR 12 ಇತ್ತು, ಮಳೆ ಬಿದ್ದು ಗರಿ ತೊಯ್ದ ದಿನ ಇನ್ನೂ ಒಂದು ಕಡಿಮೆ. ಕೆಲಸಕ್ಕೆ ತೊಂದರೆಯಾಗಲಿಲ್ಲ. ಕಟಾವಾದ ಗದ್ದೆಯ ಮುಂದೆ ಅಳೆದು ಅಂಕಿ ಹೇಳುವಾಗ ಮೂರು ನಾಲ್ಕು ಡೆಸಿಬೆಲ್ ಕೈಬಿಟ್ಟು ಹೇಳುವುದು ಅಂದಿನಿಂದ ನನ್ನ ರೂಢಿ.

ಸಂಜೆಯ ಕಥೆ ಬೇರೆ. ರಾತ್ರಿ ಎಂಟರಿಂದ ಹತ್ತರವರೆಗೆ ಅಲ್ಲಿ SINR 13 ಇದ್ದೂ ವೇಗ ಐದಾರಕ್ಕೆ ಇಳಿಯುತ್ತದೆ. SINR ಹೇಳುವುದು ದಾರಿ ಎಷ್ಟು ಅಗಲ ಎಂಬುದನ್ನು, ಅದರ ಮೇಲೆ ಎಷ್ಟು ಗಾಡಿಗಳಿವೆ ಎಂಬುದನ್ನಲ್ಲ. ಗುರುತಿಸುವುದು ಸುಲಭ: ಅದೇ ಸ್ಟೂಲಿನ ಮೇಲೆ ಬೆಳಗಿನ ಜಾವ ಐದಕ್ಕೆ ಅಳೆಯಬೇಕು. SINR ಅಷ್ಟೇ ಇದ್ದು ವೇಗ ಮಾತ್ರ ಏರಿದರೆ ಸೆಲ್‌ನಲ್ಲಿ ಜನ ತುಂಬಿದ್ದಾರೆ ಎಂದು ತಿಳಿಯಬೇಕು, ಅದಕ್ಕೆ ಗೋಡೆಯಲ್ಲಿ ಮದ್ದಿಲ್ಲ. ಅಲ್ಲಿ ಎರಡನೆಯ ಕಂಪನಿಯ ಸಿಮ್ ಹಾಕಿ ಹಗಲಲ್ಲಿ ನೋಡಿದಾಗ SINR 6 ಮಾತ್ರ ಇತ್ತು, ಅಂಕಿಯ ಪ್ರಕಾರ ತಳ್ಳಿಹಾಕಬೇಕಾದದ್ದೇ. ಆದರೆ ಆ ಸೆಲ್ ರಾತ್ರಿಯೂ ಖಾಲಿಯಿದ್ದು ಒಂಬತ್ತು ಎಂಬಿಪಿಎಸ್ ಕೊಡುತ್ತಿತ್ತು. ಹಗಲಿಗೆ ಒಂದು ಸಿಮ್, ರಾತ್ರಿಯ ಮೀಟಿಂಗಿಗೆ ಇನ್ನೊಂದು ಎಂದು ಮಗಳಿಗೆ ಹೇಳಿ, ಮಜೂರಿ ಆರುನೂರು ತೆಗೆದುಕೊಂಡು ಬಂದೆ. ಪೈಪನ್ನು ಯಜಮಾನರು ಆಮೇಲೆ ತಾರಸಿಯಿಂದ ಇಳಿಸಿ ಹಸು ಕಟ್ಟುವ ಕೊಟ್ಟಿಗೆಗೆ ಹಾಕಿಸಿದರು.