ಗೆರೆ ಇಳಿಯಿತು ಎಂದರೆ ಕಾರಣ ಸಿಕ್ಕಿತು ಎಂದಲ್ಲ: ಸ್ಕ್ಯಾಟರ್ ಪ್ಲಾಟ್ ಓದುವುದು ಹೇಗೆ?

1849ರಲ್ಲಿ ಲಂಡನ್ನಿನಲ್ಲಿ ಕಾಲರಾ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಸರ್ಕಾರದ ಅಂಕಿಅಂಶ ನೋಡಿಕೊಳ್ಳುತ್ತಿದ್ದ ವಿಲಿಯಂ ಫಾರ್, ನಗರದ ಭಾಗಗಳನ್ನು ಎತ್ತರದ ಪ್ರಕಾರ ವಿಂಗಡಿಸಿ ಸಾವು ಲೆಕ್ಕ ಹಾಕಿದರು. 20 ಅಡಿಗಿಂತ ತಗ್ಗಿನಲ್ಲಿ 10,000 ಜನರಿಗೆ 102 ಸಾವು. 20ರಿಂದ 40 ಅಡಿಯಲ್ಲಿ 65. ಅದರ ಮೇಲೆ 20 ಅಡಿಗೊಂದರಂತೆ ಇರುವ ಹಂತಗಳಲ್ಲಿ 34, 27, 22, 17. ಈ ಅಂಕಿಗಳನ್ನೇ ಇಟ್ಟುಕೊಂಡು ಸ್ಕ್ಯಾಟರ್ ಪ್ಲಾಟ್ ಓದೋಣ. ಅಂದರೆ ಎರಡು ಅಳತೆಗಳ ಸಂಬಂಧವನ್ನು ಚುಕ್ಕೆಗಳಲ್ಲಿ ತೋರಿಸುವ ಚಿತ್ರ; ಆ ಚುಕ್ಕೆಗಳು ಒಟ್ಟಾರೆ ಎತ್ತ ಸಾಗುತ್ತವೆ ಎಂದು ತೋರಿಸಲು ಎಳೆಯುವುದೇ ಗೆರೆ. ಅಡ್ಡ ಅಕ್ಷದಲ್ಲಿ ಎತ್ತರ, ನಿಂತ ಅಕ್ಷದಲ್ಲಿ ಸಾವಿನ ಪ್ರಮಾಣ.

1. ಒಂದು ಚುಕ್ಕೆ ಅಂದರೆ ಏನು?

ಗೆರೆ ನೋಡುವ ಮೊದಲೇ ಇದನ್ನು ಕೇಳಿಕೊಳ್ಳಿ. ಇಲ್ಲಿ ಒಂದು ಚುಕ್ಕೆ ಎಂದರೆ ಒಬ್ಬ ಮನುಷ್ಯನಲ್ಲ. ಒಂದೇ ಎತ್ತರದ ಹಲವು ಬಡಾವಣೆಗಳ ಸರಾಸರಿ. ಹಾಗಾಗಿ "ತಗ್ಗಿನಲ್ಲಿರುವ ಈ ಮನೆಯವರಿಗೆ ಅಪಾಯ ಜಾಸ್ತಿ" ಎಂದು ಈ ಚಿತ್ರದಿಂದ ನೇರವಾಗಿ ಹೇಳಲಾಗದು. ಸರಾಸರಿಯ ಒಳಗೆ ತುಂಬಾ ವ್ಯತ್ಯಾಸ ಅಡಗಿರುತ್ತದೆ. ಅದು ಎಷ್ಟು ಮುಖ್ಯ ಎಂಬುದು ಮುಂದೆ ಗೊತ್ತಾಗುತ್ತದೆ.

2. ಗೆರೆ ಚುಕ್ಕೆಗಳ ಜೊತೆ ಹೋಗುತ್ತದೆಯೇ?

ಪ್ರತಿ ಹಂತದ ಚುಕ್ಕೆಯನ್ನು ಅದರ ನಡುವಿನ ಎತ್ತರದಲ್ಲಿ ಇಡೋಣ. 10 ಅಡಿಯಿಂದ 50 ಅಡಿಗೆ ಏರಿದರೆ ಸಾವು 102ರಿಂದ 34ಕ್ಕೆ ಇಳಿಯುತ್ತದೆ. ಅಂದರೆ ಅಡಿಗೆ ಸುಮಾರು 1.7. ಇದೇ ಗೆರೆಯನ್ನು ನೇರವಾಗಿ 110 ಅಡಿಯವರೆಗೆ ಎಳೆದರೆ ಸಾವು ಸೊನ್ನೆಗಿಂತ 68 ಕೆಳಗೆ ಹೋಗುತ್ತದೆ! ನಿಜವಾದ ಚುಕ್ಕೆ 17ರಲ್ಲಿದೆ. ಇಲ್ಲಿ ಚುಕ್ಕೆಗಳು ಮೊದಲು ಕಡಿದಾಗಿ ಇಳಿದು ಆಮೇಲೆ ಚಪ್ಪಟೆಯಾಗುತ್ತವೆ. ಇದಕ್ಕೆ ಬಾಗಿದ ಗೆರೆಯೇ ಸರಿ. ಕಂಪ್ಯೂಟರ್ ಎಳೆದುಕೊಟ್ಟ ನೇರ ಗೆರೆಯನ್ನು ಸುಮ್ನೆ ಒಪ್ಪಬೇಡಿ, ಚುಕ್ಕೆಗಳ ಕಡೆಗೂ ಒಮ್ಮೆ ನೋಡಿ.

3. ಕಂಡದ್ದನ್ನಷ್ಟೇ ಹೇಳಿ

"ಎತ್ತರ ಕಡಿಮೆ ಇದ್ದ ಕಡೆ ಸಾವಿನ ಪ್ರಮಾಣ ಹೆಚ್ಚಿತ್ತು." ಚಿತ್ರ ಹೇಳುವುದು ಇಷ್ಟೇ. "ತಗ್ಗು ಪ್ರದೇಶ ಸಾವನ್ನು ಹೆಚ್ಚಿಸಿತು" ಎಂದ ಕೂಡಲೇ ಚಿತ್ರದಲ್ಲಿಲ್ಲದ್ದನ್ನು ಸೇರಿಸಿದಂತಾಯಿತು. ಹೆಚ್ಚಿಸಿತು, ತಗ್ಗಿಸಿತು, ಪರಿಣಾಮ ಬೀರಿತು ಎಂಬ ಕ್ರಿಯಾಪದಗಳು ಬಂದಾಗಲೆಲ್ಲ ಎಚ್ಚರವಾಗಿರಿ.

ಹಾಗಂತ ಈ ಚಿತ್ರ ನಿರುಪಯೋಗಿ ಅಲ್ಲ. ಯಾವ ಬಡಾವಣೆಯಲ್ಲಿ ಸಾವು ಜಾಸ್ತಿ ಇರಬಹುದು ಎಂದು ಊಹಿಸಲು ಎತ್ತರ ಗೊತ್ತಿದ್ದರೆ ಸಾಕಿತ್ತು. ಊಹಿಸಲು ನೆರವಾಗುವುದು ಬೇರೆ, ಕಾರಣವಾಗುವುದು ಬೇರೆ.

4. ಅಡ್ಡ ಅಕ್ಷದ ಜೊತೆ ಇನ್ನೇನು ಬದಲಾಗುತ್ತಿದೆ?

ನಿಜವಾದ ಕೆಲಸ ಇರುವುದು ಇಲ್ಲೇ. ನದಿಯ ಬಳಿಯ ತಗ್ಗಿನಲ್ಲಿ ಕೆಟ್ಟ ಗಾಳಿ ದಟ್ಟವಾಗಿರುತ್ತದೆ, ರೋಗ ಅದರಿಂದಲೇ ಬರುತ್ತದೆ ಎಂದು ಫಾರ್ ನಂಬಿದ್ದರು. ಗೆರೆ ಆ ನಂಬಿಕೆಗೆ ಚೆನ್ನಾಗಿ ಹೊಂದಿತು. ಆದರೆ ಎತ್ತರದ ಜೊತೆಗೆ ಕುಡಿಯುವ ನೀರು ಎಲ್ಲಿಂದ ಬರುತ್ತದೆ ಎಂಬುದೂ ಬದಲಾಗುತ್ತಿತ್ತು. ತಗ್ಗಿನ ಹಲವು ಕಡೆಗಳಿಗೆ ನಗರದ ಚರಂಡಿ ಸೇರಿದ್ದ ಥೇಮ್ಸ್ ನೀರೇ ಬರುತ್ತಿತ್ತು. ಗೆರೆ ಎರಡು ವಿವರಣೆಗಳಿಗೂ ಅಷ್ಟೇ ಚೆನ್ನಾಗಿ ಹೊಂದುತ್ತದೆ. ಚುಕ್ಕೆಗಳು ಗೆರೆಗೆ ಎಷ್ಟೇ ಅಂಟಿಕೊಂಡಿದ್ದರೂ ಯಾವುದು ಸರಿ ಎಂದು ಅದು ಹೇಳುವುದಿಲ್ಲ. ಬಿಗಿಯಾದ ಗೆರೆ ಕಂಡರೆ ಕಾರಣವೂ ಗಟ್ಟಿ ಅನ್ನಿಸುತ್ತದೆ, ಅಲ್ವಾ? ಹೆಚ್ಚು ಜನ ಎಡವುವುದು ಅಲ್ಲಿಯೇ.

ನಿಮ್ಮ ಕೈಯಲ್ಲಿರುವ ಚಿತ್ರಕ್ಕೂ ಇದನ್ನೇ ಮಾಡಿ. ಅಡ್ಡ ಅಕ್ಷದ ಎಡತುದಿಯ ಚುಕ್ಕೆಗಳಿಗೂ ಬಲತುದಿಯ ಚುಕ್ಕೆಗಳಿಗೂ ಇನ್ನೇನು ವ್ಯತ್ಯಾಸ ಇದೆ ಎಂದು ಪಟ್ಟಿ ಮಾಡಿ. ವಯಸ್ಸು, ಆದಾಯ, ಕಾಲ, ಜಾಗ ಇವು ಸಾಮಾನ್ಯವಾಗಿ ಮೊದಲು ಸಿಗುತ್ತವೆ. ಸಂಬಂಧ ಹಿಂದುಮುಂದಾಗಿರಬಹುದೇ, ಅಂದರೆ ನೀವು ಪರಿಣಾಮ ಎಂದುಕೊಂಡದ್ದೇ ಕಾರಣವಾಗಿರಬಹುದೇ ಎಂದೂ ಯೋಚಿಸಿ.

5. ಒಂದನ್ನು ಹಾಗೇ ಇಟ್ಟು ಇನ್ನೊಂದನ್ನು ಬದಲಿಸಿ ನೋಡಿ

ಪಟ್ಟಿಯಲ್ಲಿ ಬಂದದ್ದನ್ನು ಪರೀಕ್ಷಿಸಲು ಎತ್ತರ ಒಂದೇ ಇದ್ದು ನೀರು ಬೇರೆ ಬೇರೆಯಾಗಿರುವ ಜಾಗ ಬೇಕು. ಅದು ಲಂಡನ್ನಿನ ದಕ್ಷಿಣ ಭಾಗದಲ್ಲಿ ಸಿಕ್ಕಿತು. ಅಲ್ಲಿ ಎರಡು ನೀರಿನ ಕಂಪನಿಗಳ ಕೊಳವೆಗಳು ಅದೇ ಬೀದಿಗಳಲ್ಲಿ ಸಾಗುತ್ತಿದ್ದವು. ಪಕ್ಕಪಕ್ಕದ ಮನೆಗಳಿಗೂ ನೀರು ಬೇರೆ ಬೇರೆ. 1852ರಲ್ಲಿ ಲ್ಯಾಂಬೆತ್ ಕಂಪನಿ ನೀರೆತ್ತುವ ಜಾಗವನ್ನು ನದಿಯ ಮೇಲ್ಭಾಗಕ್ಕೆ ಬದಲಿಸಿತು. ಸೌತ್‌ವಾರ್ಕ್ ಮತ್ತು ವಾಕ್ಸ್‌ಹಾಲ್ ಕಂಪನಿ ನಗರದೊಳಗೇ ನೀರೆತ್ತುತ್ತಿತ್ತು.

1854ರಲ್ಲಿ ಕಾಲರಾ ಮತ್ತೆ ಬಂದಾಗ ವೈದ್ಯ ಜಾನ್ ಸ್ನೋ, ಸಾವು ನಡೆದ ಮನೆಗಳಿಗೆ ಯಾವ ಕಂಪನಿಯ ನೀರು ಎಂದು ಪತ್ತೆ ಮಾಡಿದರು. ಮೊದಲ ಏಳು ವಾರಗಳಲ್ಲಿ ಸೌತ್‌ವಾರ್ಕ್ ನೀರಿನ 10,000 ಮನೆಗಳಿಗೆ 315 ಸಾವು, ಲ್ಯಾಂಬೆತ್ ನೀರಿನ 10,000 ಮನೆಗಳಿಗೆ 37. ಎರಡೂ ಕೊಳವೆಗಳಿದ್ದ ಬೀದಿಗಳಲ್ಲಿ ಎತ್ತರವೂ ಅದೇ, ಗಾಳಿಯೂ ಅದೇ. ಬಡವರು, ಸಿರಿವಂತರು ಎರಡೂ ಕಡೆ ಇದ್ದರು. ಸರಾಸರಿಯ ಒಳಗೆ ಅಡಗಿದ್ದದ್ದು ಇದೇ.

ಇಂಥ ಹೋಲಿಕೆ ಸಿಗದಿದ್ದರೆ ಚುಕ್ಕೆಗಳನ್ನು ಗುಂಪು ಮಾಡಿ, ಪ್ರತಿ ಗುಂಪಿಗೂ ಬೇರೆ ಬಣ್ಣ ಕೊಟ್ಟು ಗೆರೆಯನ್ನು ಮತ್ತೆ ಎಳೆಯಿರಿ. ಒಂದೊಂದು ಗುಂಪಿನೊಳಗೂ ಗೆರೆ ಚಪ್ಪಟೆಯಾದರೆ ಮೊದಲ ಇಳಿಜಾರು ಗುಂಪುಗಳ ವ್ಯತ್ಯಾಸದಿಂದ ಬಂದದ್ದಿರಬಹುದು. ಇಳಿಜಾರು ಹಾಗೇ ಉಳಿದರೂ ಕಾರಣ ಸಾಬೀತಾಗುವುದಿಲ್ಲ. ನೀವು ಗುಂಪು ಮಾಡಿದ ಆ ಒಂದು ಅಂಶ ಮಾತ್ರ ಅದನ್ನು ಪೂರ್ತಿ ವಿವರಿಸುವುದಿಲ್ಲ ಎಂದಷ್ಟೇ ಗೊತ್ತಾಗುತ್ತದೆ.

1866ರಲ್ಲಿ ಪೂರ್ವ ಲಂಡನ್ನಿಗೆ ಕಾಲರಾ ಬಂದಾಗ ಫಾರ್ ಕೂಡ ಬೆರಳು ತೋರಿಸಿದ್ದು ನೀರಿನ ಕಂಪನಿಯ ಕಡೆಗೆ.